ಹಲಗೆಯ ಮೇಲೆ ನಿಧಾನಿಸುವ ಗಾಳಿಯ ಲೆಕ್ಕ

ವಿಂಡ್ ಟನಲ್ ಒಳಗೆ ನುಣುಪಾದ ಹಲಗೆಯೊಂದನ್ನು ಗಾಳಿಯ ದಿಕ್ಕಿಗೆ ನೇರವಾಗಿ ಮಲಗಿಸಿ, ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಹಾಯಿಸಿದರೆ, ಹಲಗೆಗೆ ತಾಗಿಕೊಂಡಿರುವ ಗಾಳಿ ಮಾತ್ರ ಅಲುಗದೆ ನಿಂತಿರುತ್ತದೆ. ಅಲ್ಲಿಂದ ಮೇಲಕ್ಕೆ ಹೋದಂತೆ ವೇಗ ಏರುತ್ತ ಕೆಲವೇ ಮಿಲಿಮೀಟರ್‌ಗಳಲ್ಲಿ ಪೂರ್ತಿ 10ಕ್ಕೆ ಮುಟ್ಟುತ್ತದೆ. ಈ ತೆಳು ಪಟ್ಟಿಯೇ ಬೌಂಡರಿ ಲೇಯರ್, ಅಂದರೆ ಗಡಿ ಪದರ. 1904ರಲ್ಲಿ ಲುಡ್‌ವಿಗ್ ಪ್ರಾಂಟ್ಲ್ ಇದನ್ನು ವಿವರಿಸಿದರು.

ಈ ಪದರ ಎಷ್ಟು ದಪ್ಪ? ಕೇಳುವುದು ಸುಲಭ, ಅಳೆಯುವುದು ಕಷ್ಟ. ವೇಗ 9.9 ಆದ ಜಾಗವನ್ನು ಅಂಚು ಎಂದು ಕರೆಯುವ ರೂಢಿಯಿದೆ. ಆದರೆ ಅಲ್ಲಿ ವೇಗದ ಗೆರೆ ಬಹುತೇಕ ನೆಟ್ಟಗೆ ನಿಂತಿರುವುದರಿಂದ, ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಅಂಚು ಒಂದು ಮಿಲಿಮೀಟರ್ ಆಚೀಚೆ ಸರಿಯುತ್ತದೆ. ಹಾಗಾಗಿ ಅಂಚನ್ನು ಹುಡುಕುವುದಕ್ಕಿಂತ, ಪದರದಲ್ಲಿ ಒಟ್ಟು ಎಷ್ಟು ನಷ್ಟವಾಗಿದೆ ಎಂದು ಕೂಡುವುದೇ ಒಳ್ಳೆಯ ದಾರಿ. ಆ ನಷ್ಟದ ಲೆಕ್ಕ ಎರಡು ಬಗೆಯದು.

ಮೊದಲನೆಯದು ಹರಿವಿನ ನಷ್ಟ. ಹಲಗೆಯ ಬಳಿ ಗಾಳಿ ನಿಧಾನವಾದ್ದರಿಂದ ಅಲ್ಲಿ ಹಾಯಬೇಕಾಗಿದ್ದ ಗಾಳಿಯಲ್ಲಿ ಒಂದಿಷ್ಟು ಮೇಲಕ್ಕೆ ಸರಿಯಬೇಕಾಗುತ್ತದೆ. ಹೊರಗಿನ ಹರಿವಿನ ಪಾಲಿಗೆ ಹಲಗೆಯೇ ಅಷ್ಟು ದಪ್ಪಗಾದಂತೆ. ಇದು ಡಿಸ್‌ಪ್ಲೇಸ್‌ಮೆಂಟ್ ಥಿಕ್‌ನೆಸ್, ಸ್ಥಾನಪಲ್ಲಟ ದಪ್ಪ. ಎರಡನೆಯದು ಸಂವೇಗದ ನಷ್ಟ, ಅದರ ಅಳತೆ ಸಂವೇಗ ದಪ್ಪ. ಹಲಗೆಯ ತೀರ ಹತ್ತಿರ ಪ್ರತಿ ಕಿಲೋ ಗಾಳಿ ಕಳೆದುಕೊಂಡ ವೇಗ ಹೆಚ್ಚು, ಆದರೆ ಅಲ್ಲಿ ಹಾಯುವ ಗಾಳಿಯೇ ಕಡಿಮೆ. ಅಂಚಿನ ಬಳಿ ಗಾಳಿ ಹೇರಳ, ನಷ್ಟ ಅಲ್ಪ. ವೇಗ ಅರ್ಧಕ್ಕೆ ಇಳಿದಿರುವ ಎತ್ತರದಲ್ಲಿ ಈ ನಷ್ಟ ಅತಿ ಹೆಚ್ಚು. y ಹಲಗೆಯಿಂದ ಎತ್ತರ, u ಆ ಎತ್ತರದ ವೇಗ, U ಹೊರಗಿನ ವೇಗ ಎಂದಿಟ್ಟುಕೊಂಡರೆ:

δ* = ∫ (1 − u/U) dy
θ = ∫ (u/U)(1 − u/U) dy

ಹಲಗೆಯ ಮುಂತುದಿಯಿಂದ ಅರ್ಧ ಮೀಟರ್ ಹಿಂದೆ, ಚಪ್ಪಟೆ ಬಾಯಿಯ ಸಣ್ಣ ಪಿಟೋ ನಳಿಕೆಯನ್ನು ಒಂದೊಂದೇ ಮಿಲಿಮೀಟರ್ ಮೇಲೆತ್ತುತ್ತ 3.8, 7.1, 9.1, 9.8, 10 ಎಂಬ ವೇಗಗಳು ಸಿಕ್ಕಿವೆ ಎಂದುಕೊಳ್ಳೋಣ. ಹಲಗೆಯ ಮೇಲೆ ಸೊನ್ನೆ. ಕೊರತೆಗಳು ಕ್ರಮವಾಗಿ 1, 0.62, 0.29, 0.09, 0.02, 0. ಮೊದಲನೆಯದರ ಅರ್ಧವನ್ನೂ ಉಳಿದವನ್ನೂ ಕೂಡಿದರೆ ಸ್ಥಾನಪಲ್ಲಟ ದಪ್ಪ 1.52 ಮಿ.ಮೀ. ಪ್ರತಿ ಕೊರತೆಯನ್ನೂ ಆಯಾ ವೇಗದ ಪಾಲಿನಿಂದ ಗುಣಿಸಿ ಕೂಡಿದರೆ ಸಂವೇಗ ದಪ್ಪ 0.54. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.8. ಈ ಅನುಪಾತಕ್ಕೆ ಆಕಾರ ಗುಣಾಂಕ ಎನ್ನುತ್ತಾರೆ.

ಇಲ್ಲೇ ಅನುಮಾನ ಮೂಡಬೇಕು. ಒತ್ತಡ ಬದಲಾಗದ ಚಪ್ಪಟೆ ಹಲಗೆಯ ಮೇಲೆ ಶಾಂತವಾಗಿ ಪದರಪದರವಾಗಿ ಹರಿಯುವ ಗಾಳಿಗೆ ಈ ಗುಣಾಂಕ 2.59 ಇರಬೇಕೆಂದು ಬ್ಲಾಸಿಯಸ್ ಅವರ ಗಣಿತ ಹೇಳುತ್ತದೆ. ತಪ್ಪಿದ್ದು ನಳಿಕೆಯಲ್ಲ, ಹೆಜ್ಜೆಯ ಅಳತೆ. ಸಂವೇಗ ನಷ್ಟದ ಗುಡ್ಡದ ನೆತ್ತಿ 1 ಮತ್ತು 2 ಮಿ.ಮೀ. ನಡುವೆ ಇತ್ತು, ನಾವು ಅದನ್ನು ದಾಟಿಬಿಟ್ಟೆವು. ನಡುನಡುವೆ ಅರ್ಧ ಮಿಲಿಮೀಟರ್‌ಗೂ ಅಳೆದು 1.9, 5.6, 8.3, 9.6, 9.9 ಸೇರಿಸಿದರೆ ದಪ್ಪಗಳು 1.5 ಮತ್ತು 0.57ಕ್ಕೆ ಬರುತ್ತವೆ, ಗುಣಾಂಕ ಸುಮಾರು 2.6.

ಇನ್ನೆರಡು ತಪ್ಪುಗಳನ್ನು ನೋಡಿದ ಕೂಡಲೇ ಗುರುತಿಸಬೇಕು. ನಳಿಕೆಯ ಸೊನ್ನೆ ಎತ್ತರ 0.1 ಮಿ.ಮೀ. ತಪ್ಪಿದ್ದರೆ ಸ್ಥಾನಪಲ್ಲಟ ದಪ್ಪವೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ, ಏಕೆಂದರೆ ಹಲಗೆಯ ಬಳಿ ಕೊರತೆ ಸುಮಾರು 1. ಸಂವೇಗ ದಪ್ಪ ಅಷ್ಟಾಗಿ ಕದಲುವುದಿಲ್ಲ, ಅಲ್ಲಿ ಅದರ ಪಾಲು ಸೊನ್ನೆಯ ಹತ್ತಿರ. ಹೊರಗಿನ ವೇಗವನ್ನು 10ರ ಬದಲು 10.1 ಎಂದು ಬರೆದುಕೊಂಡರೆ ಮಾತ್ರ ಎರಡೂ ಕೆಡುತ್ತವೆ: ಅಂಚಿನಾಚೆ ಅಳೆದ ಪ್ರತಿ ಮಿಲಿಮೀಟರ್‌ಗೂ 0.01 ಸೇರುತ್ತಲೇ ಹೋಗುತ್ತದೆ. ಮೇಲಕ್ಕೆ ಹೋದಷ್ಟೂ ಮೊತ್ತ ನಿಲ್ಲದೆ ಬೆಳೆಯುತ್ತಿದ್ದರೆ ಕಾರಣ ಇದೇ ಎಂದು ಮೊದಲು ಪರೀಕ್ಷಿಸಬೇಕು.

ಇಷ್ಟು ಜಾಗ್ರತೆಗೆ ಸಿಗುವ ಫಲ ದೊಡ್ಡದು. ಹಲಗೆಯನ್ನು ಮುಟ್ಟದೆಯೇ ಅದರ ಮೇಲಿನ ಘರ್ಷಣೆಯನ್ನು ತೂಗಬಹುದು. ಒತ್ತಡ ಬದಲಾಗದಿದ್ದರೆ, ಗಾಳಿಯ ಸಾಂದ್ರತೆಯನ್ನು ವೇಗದ ವರ್ಗದಿಂದಲೂ ಸಂವೇಗ ದಪ್ಪದಿಂದಲೂ ಗುಣಿಸಿದರೆ ಸಾಕು. ಇಲ್ಲಿ ಒಂದು ಮೀಟರ್ ಅಗಲದ ಹಲಗೆಯ ಒಂದು ಮುಖದ ಮೇಲೆ ಅದು ಸುಮಾರು 0.07 ನ್ಯೂಟನ್, 7 ಗ್ರಾಂ ತೂಕದಷ್ಟು.

ಅದೇ ಹಲಗೆಯ ಮೇಲೆ ಇನ್ನೂ ಹಿಂದಕ್ಕೆ, ಹರಿವು ಪ್ರಕ್ಷುಬ್ಧವಾದ ಮೇಲೆ ಅಳೆದರೆ ಗುಣಾಂಕ ಸುಮಾರು 1.4ಕ್ಕೆ ಇಳಿಯುತ್ತದೆ. ಎರಡರ ನಡುವಿನ ವಲಯವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ ಅಧ್ಯಯನ ಮಾಡಿ 1958ರಲ್ಲಿ ಪ್ರಕಟಿಸಿದರು. ಅಲ್ಲಿ ಶಾಂತ ಹರಿವೂ ಪ್ರಕ್ಷುಬ್ಧ ಹರಿವೂ ಸರದಿಯಂತೆ ಬಂದು ಹೋಗುತ್ತವೆ. ಆದ್ದರಿಂದ ಸರಾಸರಿ ವೇಗವನ್ನು, ಯಾವುದು ಎಷ್ಟು ಹೊತ್ತು ಇರುತ್ತದೆ ಎಂಬ ಪಾಲಿಗೆ ತಕ್ಕಂತೆ ಎರಡನ್ನೂ ಬೆರೆಸಿ ಪಡೆಯಬಹುದು.