ಷೇರಿಗೂ ವಿಮೆಯುಂಟು, ಕಂತು ಎಷ್ಟು?

ನಿಮ್ಮ ಬಳಿ 16.25 ಲಕ್ಷ ರೂಪಾಯಿಯ ನಿಫ್ಟಿ ಇಂಡೆಕ್ಸ್ ಫಂಡ್ ಇದೆ, ನಿಫ್ಟಿ 25,000ದಲ್ಲಿದೆ ಎಂದುಕೊಳ್ಳಿ. ಪೇಟೆ ಕುಸಿದೀತು ಎಂಬ ಭಯವಿದೆ, ಆದರೆ ಮಾರಲು ಮನಸ್ಸಿಲ್ಲ. ಆಗ ದಲ್ಲಾಳಿ ಹೇಳುವ ಉಪಾಯ ಪುಟ್ ಆಪ್ಷನ್. ಮೂರು ತಿಂಗಳ ಅವಧಿಯ 24,000 ಸ್ಟ್ರೈಕ್‌ನ ಪುಟ್ ಕೊಂಡರೆ, ಅವಧಿ ಮುಗಿಯುವ ದಿನ ನಿಫ್ಟಿ ಆ ಮಟ್ಟಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಹಣ ನಿಮ್ಮ ಖಾತೆಗೆ ಬರುತ್ತದೆ. ನಿಫ್ಟಿ ಅದರ ಮೇಲೆಯೇ ಇದ್ದರೆ ಏನೂ ಬರುವುದಿಲ್ಲ. ಕೊಟ್ಟ ಪ್ರೀಮಿಯಂ ಹೋದಂತೆ.

ಒಂದು ಲಾಟ್ ಎಂದರೆ ಎಷ್ಟು ಎಂಬುದನ್ನು ಎನ್‌ಎಸ್‌ಇ ಆಗಾಗ ಬದಲಿಸುತ್ತದೆ. ಲೆಕ್ಕಕ್ಕೆ 65 ಎಂದಿಟ್ಟುಕೊಂಡರೆ ಒಂದೇ ಲಾಟ್ ನಿಮ್ಮ ಇಡೀ ಹೂಡಿಕೆಯನ್ನು ಕಾಯುತ್ತದೆ. ಪೇಟೆ ಶಾಂತವಾಗಿರುವಾಗ ಇಂಥ ಪುಟ್‌ಗೆ ಸುಮಾರು 250 ರೂಪಾಯಿ ಬೆಲೆ ಎಂದು ಹಿಡಿಯೋಣ. 65ರಿಂದ ಗುಣಿಸಿದರೆ 16,250 ರೂಪಾಯಿ, ಅಂದರೆ ಹೂಡಿಕೆಯ ಶೇ 1.

ನಿಫ್ಟಿ 20,000ಕ್ಕೆ ಬಿತ್ತೆನ್ನಿ. ಫಂಡ್‌ನಲ್ಲಿ 3.25 ಲಕ್ಷ ಕರಗುತ್ತದೆ, ಪುಟ್‌ನಿಂದ 2.6 ಲಕ್ಷ ಬರುತ್ತದೆ. ಪ್ರೀಮಿಯಂ ಸೇರಿಸಿದರೂ ನಷ್ಟ 81,250 ರೂಪಾಯಿಗೆ ನಿಲ್ಲುತ್ತದೆ. ಜಾಹೀರಾತಿಗೆ ಹೇಳಿ ಮಾಡಿಸಿದ ಉದಾಹರಣೆ ಇದು. ಆದರೆ ನಿಫ್ಟಿ 24,250ಕ್ಕೆ ಇಳಿದು ಅಲ್ಲಿಯೇ ನಿಂತರೆ? ಫಂಡ್‌ನಲ್ಲಿ 48,750 ಹೋಯಿತು, ಪ್ರೀಮಿಯಂ 16,250 ಕೂಡ ಹೋಯಿತು. ವಾಹನ ವಿಮೆಯಲ್ಲಿ ಮೊದಲ ಇಷ್ಟು ರೂಪಾಯಿ ಮಾಲೀಕನದೇ ಎನ್ನುವಂತೆ, ಇಲ್ಲಿ ಮೊದಲ 1,000 ಅಂಶಗಳ ಕುಸಿತ ಪೂರ್ತಿ ನಿಮ್ಮದು. ಆ ಹೊರೆಯನ್ನು ತಗ್ಗಿಸಲು 25,000ದ ಪುಟ್ಟನ್ನೇ ಕೊಳ್ಳಬಹುದು. ಅದರ ಬೆಲೆ ಎರಡು ಪಟ್ಟಿಗಿಂತ ಹೆಚ್ಚೇ ಇರುತ್ತದೆ.

ಶೇ 1 ಎಂದರೆ ಅಗ್ಗ ಎನ್ನಿಸುವುದು ಮೂರು ತಿಂಗಳ ಮಾತಾದ್ದರಿಂದ. ವರ್ಷಪೂರ್ತಿ ರಕ್ಷಣೆ ಬೇಕೆಂದರೆ ನಾಲ್ಕು ಸಲ ಕೊಳ್ಳಬೇಕು. ಷೇರಿನಿಂದ ವರ್ಷಕ್ಕೆ ಶೇ 12 ಗಳಿಕೆ ನಿರೀಕ್ಷಿಸುವವರು ಅದರಲ್ಲಿ ಮೂರನೆಯ ಒಂದು ಭಾಗವನ್ನು ಮೊದಲೇ ಕೊಟ್ಟಂತಾಯಿತು. ಕೆಲವು ವರ್ಷ ಪುಟ್ ಹಣ ತಂದುಕೊಡುತ್ತದೆ, ನಿಜ. ಆದರೆ ಪುಟ್ ಮಾರುವವನೂ ಅಪಾಯ ಹೊರುವುದಕ್ಕೆ ಕೂಲಿ ಕೇಳುತ್ತಾನೆ. ಹಾಗಾಗಿ ಬೆಲೆಯಲ್ಲಿ ಅಡಗಿರುವ ಏರಿಳಿತದ ಅಂದಾಜು, ಆಮೇಲೆ ನಿಜವಾಗಿ ಆಗುವ ಏರಿಳಿತಕ್ಕಿಂತ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಅಮೆರಿಕದ ಸಿಬಿಒಇ ವಿನಿಮಯ ಕೇಂದ್ರ, ಎಸ್ ಆ್ಯಂಡ್ ಪಿ 500 ಜೊತೆಗೆ ಪ್ರತಿ ತಿಂಗಳೂ ಶೇ 5 ಕೆಳಗಿನ ಪುಟ್ ಕೊಳ್ಳುತ್ತಾ ಹೋದರೆ ಏನಾಗುತ್ತದೆಂದು ಪಿಪುಟ್ ಎಂಬ ಸೂಚ್ಯಂಕದಲ್ಲಿ ಲೆಕ್ಕ ಇಡುತ್ತದೆ. ದೀರ್ಘಾವಧಿಯಲ್ಲಿ ಅದು ಬರಿಯ ಎಸ್ ಆ್ಯಂಡ್ ಪಿಗಿಂತ ಹಿಂದೆ ಬಿದ್ದಿದೆ.

ನನ್ನ ಮಟ್ಟಿಗೆ ಇದಕ್ಕಿಂತ ಕಹಿಯಾದದ್ದು ನಿಧಾನದ ಕುಸಿತ. ಪ್ರತಿ ತ್ರೈಮಾಸಿಕದಲ್ಲೂ ನಿಫ್ಟಿ ಸರಿಯಾಗಿ ಶೇ 4 ಇಳಿಯಿತು, ಪ್ರತಿ ಸಲವೂ ನೀವು ಆಗಿನ ಮಟ್ಟಕ್ಕಿಂತ ಶೇ 4 ಕೆಳಗೆ ಹೊಸ ಪುಟ್ ಕೊಂಡಿರಿ. ನಾಲ್ಕೂ ಪುಟ್‌ಗಳಿಂದ ಬಿಡಿಗಾಸು ಬರಲಿಲ್ಲ. ವರ್ಷದ ಕೊನೆಗೆ ನಿಫ್ಟಿ 21,230ರ ಆಸುಪಾಸು. ಫಂಡ್‌ನಲ್ಲಿ ಸುಮಾರು 2.45 ಲಕ್ಷ ನಷ್ಟ, ಮೇಲೆ 61,000ದಷ್ಟು ಪ್ರೀಮಿಯಂ. ವಿಮೆಯಿದ್ದೂ ವಿಮೆಯಿಲ್ಲದವನಿಗಿಂತ ಹೆಚ್ಚು ಕಳೆದುಕೊಂಡಿರಿ! ಒಂದು ವರ್ಷದ ಪುಟ್ ಇದಕ್ಕೆ ಮದ್ದಾದೀತು, ಆದರೆ ಅಷ್ಟು ದೂರದ ಅವಧಿಗಳಲ್ಲಿ ವಹಿವಾಟು ತೆಳು. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ದೊಡ್ಡದು.

ಪೇಟೆ ಬೀಳತೊಡಗಿದ ಮೇಲೆ ಕೊಂಡರಾಯಿತು ಎನ್ನುವಂತೆಯೂ ಇಲ್ಲ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ 13 ಕುಸಿಯಿತು. ವರ್ಷಾರಂಭದಲ್ಲಿ 15ಕ್ಕೂ ಕೆಳಗಿದ್ದ ಇಂಡಿಯಾ ವಿಕ್ಸ್ ಆ ದಿನಗಳಲ್ಲಿ 70ನ್ನು ದಾಟಿತ್ತು. ಪುಟ್‌ನ ಬೆಲೆ ನಿಂತಿರುವುದೇ ಆ ಅಂಕಿಯ ಮೇಲೆ; ಆಗ ಅದೇ ರಕ್ಷಣೆಗೆ ಹಲವು ಪಟ್ಟು ತೆರಬೇಕಾಗಿತ್ತು.

ಇನ್ನು, ನಿಫ್ಟಿ ಪುಟ್ ಕಾಯುವುದು ನಿಫ್ಟಿಯನ್ನು ಮಾತ್ರ. 2018ರಲ್ಲಿ ನಿಫ್ಟಿ ಸುಮಾರು ಶೇ 3 ಏರಿದರೆ, ಸ್ಮಾಲ್‌ಕ್ಯಾಪ್ 100 ಸೂಚ್ಯಂಕ ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಸಣ್ಣ ಕಂಪನಿಗಳ ಷೇರಿಟ್ಟುಕೊಂಡು ನಿಫ್ಟಿ ಪುಟ್ ನಂಬಿದವರಿಗೆ ಅದು ನೆರವಾಗುವಂತಿರಲಿಲ್ಲ.

ಹಾಗಾದರೆ ಯಾರಿಗೆ ಇದು ತಕ್ಕದ್ದು? ಸುಮ್ಮನೆ ಭಯಪಡುವವರು ಕಾಲು ಭಾಗ ಮಾರಿ ಬ್ಯಾಂಕಿನಲ್ಲಿಡುವುದೇ ಅಗ್ಗ. ಮಾರಲು ಬಲವಾದ ಅಡ್ಡಿಯಿದ್ದು, ಆ ಅಡ್ಡಿಗೆ ಗೊತ್ತಾದ ಕೊನೆಯ ದಿನವೂ ಇದ್ದರೆ ಪುಟ್ ಸಾರ್ಥಕ. ಮೇಲಿನ ಹೂಡಿಕೆಯಲ್ಲಿ 5 ಲಕ್ಷ ಲಾಭವಿದೆ, ಕೊಂಡು ಒಂದು ವರ್ಷವಾಗಲು ಇನ್ನೆರಡು ತಿಂಗಳಿದೆ ಎನ್ನಿ. ಈಗಲೇ ಮಾರಿದರೆ ಶೇ 20ರಂತೆ 1 ಲಕ್ಷ ತೆರಿಗೆ. ವರ್ಷ ದಾಟಿದರೆ 1.25 ಲಕ್ಷದ ವಿನಾಯಿತಿ ಕಳೆದು ಶೇ 12.5ರಂತೆ 46,875. ಉಳಿಯುವ 53,125ರ ಎದುರಿಗೆ 16,250ರ ಪ್ರೀಮಿಯಂ ದುಬಾರಿಯಲ್ಲ. ಒಂದು ಎಚ್ಚರ: ಪುಟ್‌ನಿಂದ ಹಣ ಬಂದರೆ ಅದು ವ್ಯಾಪಾರದ ಆದಾಯ, ನಿಮ್ಮ ಸ್ಲ್ಯಾಬ್‌ನಂತೆ ತೆರಿಗೆ, ಆ ವರ್ಷ ಐಟಿಆರ್-3 ತುಂಬಬೇಕಾಗುತ್ತದೆ.