ಲೈನ್ ಐನೂರು, ರೂಟರ್ ಇನ್ನೂರೈವತ್ತು

ಮನೆಗೆ 500 ಎಂಬಿಪಿಎಸ್ ಫೈಬರ್ ಬಂದಿದೆ. ಆದರೆ ರೂಟರಿಗೆ ಕೇಬಲ್ ಸಿಕ್ಕಿಸಿದ ಲ್ಯಾಪ್‌ಟಾಪಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ 250ರ ಆಚೆ ಹೋಗುವುದಿಲ್ಲ. ದೂರು ಕೊಟ್ಟರೆ ಕಂಪನಿಯ ಹುಡುಗ ಬಂದು, ತನ್ನ ಲ್ಯಾಪ್‌ಟಾಪನ್ನು ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಗೇ ನೇರವಾಗಿ ಜೋಡಿಸಿ ಪರೀಕ್ಷಿಸುತ್ತಾನೆ. ಅಲ್ಲಿ 480, 490 ಬರುತ್ತದೆ. "ನಮ್ಮ ಲೈನ್ ಸರಿಯಾಗಿದೆ ಸರ್, ನಿಮ್ಮ ರೂಟರ್ ನೋಡಿಕೊಳ್ಳಿ" ಎಂದು ಹೇಳಿ ಹೊರಡುತ್ತಾನೆ. ಮನೆಯವರಿಗೆ ಅದು ಜಾರಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಬಹಳ ಸಲ ಅವನು ಹೇಳಿದ್ದು ನಿಜವೇ ಆಗಿರುತ್ತದೆ.

ರೂಟರ್ ಅಂದರೆ ಒಂದು ಪುಟ್ಟ ಕಂಪ್ಯೂಟರ್. ಅದರೊಳಗೆ ಪ್ರೊಸೆಸರ್ ಇದೆ, ಒಂದಿಷ್ಟು ಮೆಮೊರಿ ಇದೆ, ಹೆಚ್ಚಿನವುಗಳಲ್ಲಿ ಲಿನಕ್ಸ್ ಓಡುತ್ತಿರುತ್ತದೆ. ಇಂಟರ್‌ನೆಟ್ಟಿನಿಂದ ಬರುವ ದತ್ತಾಂಶ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಬರುತ್ತದೆ. ಒಂದೊಂದರ ಗಾತ್ರ ಹೆಚ್ಚೆಂದರೆ ಸುಮಾರು 1500 ಬೈಟ್. ಪ್ರತಿ ಪ್ಯಾಕೆಟ್ಟನ್ನೂ ರೂಟರ್ ತೆರೆದು, ಅದು ಯಾರ ಫೋನಿಗೆ, ಯಾರ ಟಿವಿಗೆ ಸೇರಬೇಕು ಎಂದು ತನ್ನ ಪಟ್ಟಿಯಲ್ಲಿ ಹುಡುಕಿ, ಹೊರಗಿನ ವಿಳಾಸ ಅಳಿಸಿ ಮನೆಯೊಳಗಿನ ವಿಳಾಸ ಬರೆದು ಮುಂದಕ್ಕೆ ಕಳಿಸಬೇಕು. ಈ ವಿಳಾಸ ಬದಲಾವಣೆಗೆ ನ್ಯಾಟ್ ಎನ್ನುತ್ತಾರೆ. ಫೈರ್‌ವಾಲ್ ತಪಾಸಣೆಯೂ ಇದರ ಜೊತೆಗೇ ನಡೆಯುತ್ತದೆ.

500 ಎಂಬಿಪಿಎಸ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 41,000 ದೊಡ್ಡ ಪ್ಯಾಕೆಟ್ಟುಗಳು ಒಳಬರುತ್ತವೆ. ಡೌನ್‌ಲೋಡ್ ಮಾಡುವ ಯಂತ್ರ "ತಲುಪಿತು" ಎಂದು ಉತ್ತರ ಕಳಿಸುತ್ತಲೇ ಇರುತ್ತದೆ. ಎರಡು ಪ್ಯಾಕೆಟ್ಟಿಗೆ ಒಂದು ಉತ್ತರ ಎಂದಿಟ್ಟುಕೊಂಡರೂ ಇನ್ನೊಂದು 20,000 ಸೇರುತ್ತದೆ. ಅಲ್ಲಿಗೆ ಒಂದು ಪ್ಯಾಕೆಟ್ಟಿನ ಕೆಲಸ ಮುಗಿಸಲು ಪ್ರೊಸೆಸರಿಗೆ ಸಿಗುವುದು ಸೆಕೆಂಡಿನ ಹತ್ತು ಲಕ್ಷದಲ್ಲಿ 16 ಪಾಲು ಮಾತ್ರ.

ಟಿಪಿ-ಲಿಂಕ್ ಆರ್ಚರ್ ಸಿ7 ಎಂಬ ರೂಟರನ್ನೇ ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಇದು ಲೋಕವೆಲ್ಲ ಮೆಚ್ಚಿ ಕೊಂಡ ಮಾಡೆಲ್. ಇದರ ಮೊದಲ ಆವೃತ್ತಿಗಳಲ್ಲಿ ಇದ್ದದ್ದು 720 ಮೆಗಾಹರ್ಟ್ಸಿನ, ಒಂದೇ ಕೋರಿನ ಪ್ರೊಸೆಸರ್. ಮೇಲಿನ ಲೆಕ್ಕದಲ್ಲಿ ಒಂದು ಪ್ಯಾಕೆಟ್ಟಿಗೆ ಅದಕ್ಕೆ ಸಿಗುವುದು ಸುಮಾರು 11,600 ಕ್ಲಾಕ್ ಸೈಕಲ್. ಅಷ್ಟು ಸಾಕಲ್ಲವೇ ಎನಿಸುತ್ತದೆ. ಆದರೆ ಆ ಪ್ರೊಸೆಸರಿನ ಕ್ಯಾಶ್ ಬಲು ಚಿಕ್ಕದು. ಬೇಕಾದ ಮಾಹಿತಿ ಅಲ್ಲಿ ಇಲ್ಲದಿದ್ದರೆ ನಿಧಾನದ ಮುಖ್ಯ ಮೆಮೊರಿಯಿಂದ ತರಿಸಿಕೊಳ್ಳಬೇಕು, ಅದು ಬರುವವರೆಗೂ ಸುಮ್ಮನೆ ಕಾಯಬೇಕು. ಒಂದು ಪ್ಯಾಕೆಟ್ಟಿಗೆ ಹೀಗೆ ಹತ್ತಾರು ಸಲ ಕಾಯಬೇಕಾಗಿ ಬಂದರೆ ಸೈಕಲ್ಲುಗಳು ಖರ್ಚಾಗಿ ಹೋಗುತ್ತವೆ.

ಇದೇ ರೂಟರಿನ ಪೆಟ್ಟಿಗೆಯ ಮೇಲೆ ಎಸಿ1750 ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದು ವೈಫೈನ ಎರಡು ರೇಡಿಯೊಗಳ, 450 ಮತ್ತು 1300ರ, ಮೊತ್ತ. ಪ್ರೊಸೆಸರ್ ಎಷ್ಟು ದಾಟಿಸಬಲ್ಲದು ಎಂಬುದಕ್ಕೂ ಆ ಅಂಕಿಗೂ ಸಂಬಂಧವೇ ಇಲ್ಲ.

ಹಾಗಿದ್ದರೂ ಕಂಪನಿಯ ಮೂಲ ಸಾಫ್ಟ್‌ವೇರಿನಲ್ಲಿ ಇದೇ ಸಿ7 ಗಿಗಾಬಿಟ್‌ಗೆ ಹತ್ತಿರದ ವೇಗ ಕೊಡುತ್ತಿತ್ತು. ಅದು ಹೇಗೆ ಸಾಧ್ಯವಾಯಿತು ಎಂದು ತಿಳಿದರೆ ಇಡೀ ಸಮಸ್ಯೆ ಅರ್ಥವಾಗುತ್ತದೆ. ಇಂಥ ರೂಟರುಗಳ ಚಿಪ್ಪಿನಲ್ಲಿ ನ್ಯಾಟ್ ಕೆಲಸಕ್ಕೆಂದೇ ಬೇರೆ ಸರ್ಕ್ಯೂಟ್ ಇರುತ್ತದೆ. ಒಂದು ಸಂಪರ್ಕದ ಮೊದಲ ಕೆಲವು ಪ್ಯಾಕೆಟ್ಟುಗಳನ್ನು ಮಾತ್ರ ಪ್ರೊಸೆಸರ್ ನೋಡಿ, ಇದು ಇಲ್ಲಿಂದ ಇಲ್ಲಿಗೆ ಎಂದು ಗುರುತು ಹಾಕಿಕೊಡುತ್ತದೆ. ಆಮೇಲಿನ ಸಾವಿರಾರು ಪ್ಯಾಕೆಟ್ಟುಗಳು ಪ್ರೊಸೆಸರನ್ನು ಮುಟ್ಟದೆಯೇ ಆ ಸರ್ಕ್ಯೂಟಿನ ಮೂಲಕ ದಾಟಿಹೋಗುತ್ತವೆ. ಇದಕ್ಕೆ ಹಾರ್ಡ್‌ವೇರ್ ನ್ಯಾಟ್ ಎಂದು ಹೆಸರು. ಗಿಗಾಬಿಟ್‌ಗೆ ಹತ್ತಿರದ ಆ ವೇಗ ಈ ಅಡ್ಡದಾರಿ ತೆರೆದಿರುವಾಗಿನದು.

ಎಡವಟ್ಟಾಗುವುದು ಇಲ್ಲೇ. ಈ ಅಡ್ಡದಾರಿಯಲ್ಲಿ ಹೋಗುವ ಪ್ಯಾಕೆಟ್ಟನ್ನು ಪ್ರೊಸೆಸರ್ ನೋಡುವುದಿಲ್ಲವಾದ್ದರಿಂದ, ಪ್ರತಿ ಪ್ಯಾಕೆಟ್ಟನ್ನೂ ನೋಡಲೇಬೇಕಾದ ಯಾವ ಸೌಲಭ್ಯವೂ ಅದರ ಜೊತೆ ಹೊಂದುವುದಿಲ್ಲ. ಮಕ್ಕಳ ಫೋನಿಗೆ ಮಿತಿ ಹಾಕುವ ವ್ಯವಸ್ಥೆ, ಯಾವ ಸಾಧನ ಎಷ್ಟು ಡೇಟಾ ಬಳಸಿತು ಎಂಬ ಲೆಕ್ಕ, ವಿಡಿಯೊ ಕರೆಗೆ ಆದ್ಯತೆ ಕೊಡುವ QoS, ಇವುಗಳಲ್ಲಿ ಒಂದನ್ನು ಚಾಲೂ ಮಾಡಿದರೂ ಅನೇಕ ರೂಟರುಗಳು ಹಾರ್ಡ್‌ವೇರ್ ನ್ಯಾಟನ್ನು ಸದ್ದಿಲ್ಲದೆ ನಿಲ್ಲಿಸುತ್ತವೆ. ಪರದೆಯ ಮೇಲೆ ಎಚ್ಚರಿಕೆಯೂ ಬರದೆ ಇರಬಹುದು. ಆಗ ಅಷ್ಟೂ ಪ್ಯಾಕೆಟ್ಟುಗಳ ಹೊರೆ ಒಮ್ಮೆಲೇ ಪ್ರೊಸೆಸರಿನ ಮೇಲೆ ಬೀಳುತ್ತದೆ. ಹಳೆಯ 100 ಎಂಬಿಪಿಎಸ್ ಪ್ಲ್ಯಾನಿನಲ್ಲಿ ಅದು ನಿಭಾಯಿಸುತ್ತಿತ್ತು, ಯಾರ ಗಮನಕ್ಕೂ ಬರಲಿಲ್ಲ. ಪ್ಲ್ಯಾನ್ ಐನೂರಕ್ಕೆ ಏರಿದ ದಿನ ಮಿತಿ ಬಯಲಾಗುತ್ತದೆ. ಬಿಎಸ್ಎನ್ಎಲ್ ಫೈಬರಿನಂತೆ ಹೆಸರು, ಪಾಸ್‌ವರ್ಡ್ ಕೊಟ್ಟು ಪಿಪಿಪಿಒಇ ಮೂಲಕ ಸಂಪರ್ಕ ಪಡೆಯುವ ಕಡೆ ಹೊರೆ ಇನ್ನೂ ಹೆಚ್ಚು. ಪ್ರತಿ ಪ್ಯಾಕೆಟ್ಟಿಗೂ 8 ಬೈಟುಗಳ ಇನ್ನೊಂದು ಹೊದಿಕೆ ಇರುತ್ತದೆ, ಅದನ್ನು ಬಿಚ್ಚುವ ಕೆಲಸವೂ ಸೇರುತ್ತದೆ. ಆ ಹೊದಿಕೆಯೊಳಗೆ ಏನಿದೆ ಎಂದು ನೆಟ್‌ವರ್ಕ್ ಚಿಪ್ಪಿಗೆ ತಿಳಿಯದಿದ್ದರೆ ಬಂದದ್ದನ್ನೆಲ್ಲ ಒಂದೇ ಕೋರಿಗೆ ತಳ್ಳುತ್ತದೆ. ನಾಲ್ಕು ಕೋರ್ ಇದ್ದರೂ ಮೂರು ಕೈಕಟ್ಟಿ ಕೂರುತ್ತವೆ.

ರೂಟರಿನದೇ ದೋಷ ಎಂದು ಖಚಿತಪಡಿಸಿಕೊಳ್ಳುವುದು ಕಷ್ಟವಲ್ಲ. ಮೊದಲು ವೈಫೈಯನ್ನು ಲೆಕ್ಕದಿಂದ ಹೊರಗಿಟ್ಟು ಕೇಬಲ್ಲಿನಲ್ಲೇ ಪರೀಕ್ಷಿಸಬೇಕು. ವೇಗ ಸರಿಯಾಗಿ 94ರ ಆಸುಪಾಸಿನಲ್ಲಿ ನಿಂತರೆ ಪ್ರೊಸೆಸರನ್ನು ದೂರಬೇಕಿಲ್ಲ. ಪೋರ್ಟ್ 100 ಎಂಬಿಪಿಎಸ್‌ನದು, ಇಲ್ಲವೇ ಕೇಬಲ್ಲಿನ ತಂತಿಯೊಂದು ಕಿತ್ತಿದೆ. ಆದರೆ 230, 260 ಎಂದು ಪ್ರತಿಸಲ ಸ್ವಲ್ಪ ಬೇರೆಬೇರೆ ಬಂದು ಒಂದು ಮಟ್ಟದ ಮೇಲೆ ಏರದಿದ್ದರೆ, ಒಎನ್‌ಟಿಗೆ ನೇರ ಜೋಡಿಸಿದಾಗ ಪೂರ್ತಿ ಬಂದರೆ, ಅನುಮಾನ ರೂಟರಿನ ಮೇಲೆ. ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರಾದರೆ ಒಳಹೊಕ್ಕು, ಸ್ಪೀಡ್ ಟೆಸ್ಟ್ ನಡೆಯುತ್ತಿರುವಾಗಲೇ `top` ಆದೇಶ ಕೊಟ್ಟರೆ ಇಂಥ ಸಾಲು ಕಾಣಬಹುದು:

```
CPU:   0% usr   2% sys   0% nic   1% idle   0% io   0% irq  97% sirq
```

ಕೊನೆಯ `sirq` ಎಂಬುದು ಬಹುಪಾಲು ಪ್ಯಾಕೆಟ್ಟುಗಳಿಗೆ ತಗಲಿದ ಸಮಯ, `idle` ಎಂಬುದು ಬಿಡುವು. ಬಿಡುವೇ ಇಲ್ಲ ಎಂದಾದರೆ ಗೋಡೆ ಮುಟ್ಟಿದಂತೆಯೇ. ನಾಲ್ಕು ಕೋರಿನ ರೂಟರಿನಲ್ಲಿ ಈ ಅಂಕಿ ಮೋಸ ಮಾಡುತ್ತದೆ. ಅಲ್ಲಿ `sirq` ಬರೀ 25 ಎಂದು ತೋರಿದರೂ ಒಂದು ಕೋರ್ ಪೂರ್ತಿ ದಣಿದಿರಬಹುದು.

ಹೊಸ ರೂಟರ್ ಕೊಳ್ಳುವ ಮುನ್ನ ಸೆಟ್ಟಿಂಗುಗಳನ್ನು ಒಮ್ಮೆ ನೋಡಬೇಕು. QoS, ಡೇಟಾ ಲೆಕ್ಕ ಮುಂತಾದವನ್ನು ಒಂದೊಂದಾಗಿ ನಿಲ್ಲಿಸಿ, ಪ್ರತಿಸಲವೂ ವೇಗ ಅಳೆದರೆ ಯಾವುದು ಅಡ್ಡಬಂದಿದೆ ಎಂದು ತಿಳಿಯುತ್ತದೆ. NAT Boost ಅಥವಾ Hardware NAT ಎಂಬ ಆಯ್ಕೆ ಕಂಡರೆ ಅದು ಚಾಲೂ ಇರಬೇಕು. ಓಪನ್‌ಡಬ್ಲ್ಯುಆರ್‌ಟಿಯ ಫೈರ್‌ವಾಲ್ ಪುಟದಲ್ಲಿ ಇದೇ ಕೆಲಸಕ್ಕೆ flow offloading ಎಂಬ ಆಯ್ಕೆ ಇದೆ. ಮೀಡಿಯಾಟೆಕ್ ಎಂಟಿ7621 ಚಿಪ್ಪಿನ ರೂಟರುಗಳಿಗೆ ಅಲ್ಲಿ ಹಾರ್ಡ್‌ವೇರ್ ನೆರವು ಸಿಗುತ್ತದೆ. ಹಳೆಯ ಸಿ7ಗೆ ಸಿಗುವುದು ಸಾಫ್ಟ್‌ವೇರಿನ ನೆರವು ಮಾತ್ರ, ಅಷ್ಟರಿಂದಲೂ ವೇಗ ಏರುತ್ತದೆ.

ವೇಗಕ್ಕಿಂತ ಸ್ಥಿರತೆ ಮುಖ್ಯ ಎನ್ನುವ ಮನೆಗಳೂ ಇವೆ. ಒಬ್ಬರು ದೊಡ್ಡ ಫೈಲ್ ಇಳಿಸುವಾಗ ಇನ್ನೊಬ್ಬರ ವಿಡಿಯೊ ಕರೆ ತೊದಲಬಾರದು ಎಂದು ಅವರು ಎಸ್‌ಕ್ಯುಎಂ ಎಂಬ ಸಾಲು ನಿರ್ವಹಣೆ ಬಳಸುತ್ತಾರೆ. ಪ್ರತಿ ಪ್ಯಾಕೆಟ್ಟನ್ನೂ ಅಳೆದು ಬಿಡುವ ಈ ವ್ಯವಸ್ಥೆ ಅಡ್ಡದಾರಿಯ ಜೊತೆ ನಡೆಯದು. ಸಿ7ನಂಥ ಯಂತ್ರ ಇದನ್ನು ನೂರು, ನೂರೈವತ್ತು ಎಂಬಿಪಿಎಸ್ ಸುಮಾರಿಗೆ ನಿಭಾಯಿಸೀತು. ಪ್ರೊಸೆಸರಿನ ಶಕ್ತಿ ಮೀರಿ 450 ಎಂದು ತುಂಬಿದರೆ ಪೂರ್ತಿ ವೇಗವೂ ಬರುವುದಿಲ್ಲ, ಕರೆಯ ತೊದಲೂ ನಿಲ್ಲುವುದಿಲ್ಲ. ಐನೂರರ ಲೈನಿನಲ್ಲಿ ಎರಡೂ ಬೇಕೆಂದರೆ ಬಲವಾದ ಎಆರ್‌ಎಂ ಪ್ರೊಸೆಸರಿನ ರೂಟರೋ ಪುಟ್ಟ ಪಿಸಿಯೋ ಬೇಕಾಗುತ್ತದೆ. ಕೊಳ್ಳುವಾಗ ಅಂಗಡಿಯಲ್ಲಿ ವೈಫೈ ಅಂಕಿಯನ್ನು ಕೇಳುವ ಬದಲು, ಪಿಪಿಪಿಒಇ ಮತ್ತು QoS ಎರಡೂ ಚಾಲೂ ಇದ್ದಾಗ ಈ ಮಾಡೆಲ್ ಎಷ್ಟು ದಾಟಿಸುತ್ತದೆ ಎಂದು ಕೇಳಬೇಕು.