ಎಐ ಪತ್ತೆ ಟೂಲ್ ಮುಟ್ಟುವ ಮೊದಲು ಮೇಷ್ಟ್ರಿಗೂ ಒಂದು ಪಾಠ

‘ಮೇಡಂ, ನಿಮ್ಮ ಹುಡುಗನ ಅಸೈನ್‌ಮೆಂಟ್ 87 ಪರ್ಸೆಂಟ್ ಎಐ ಅಂತ ತೋರಿಸ್ತಿದೆ.’

ಸ್ಟಾಫ್ ರೂಮಿನಲ್ಲಿ ಇಂಥದ್ದೊಂದು ಮಾತು ಬಿದ್ದರೆ ಸಾಕು, ಹುಡುಗ ಅರ್ಧ ಅಪರಾಧಿ ಆಗಿಬಿಡ್ತಾನೆ. ಆದರೆ ಆ 87 ಅಂದರೆ ಏನು ಅಂತ ಕೇಳಿನೋಡಿ, ಉತ್ತರ ಹೇಳುವವರು ಕಡಿಮೆ. ಅದಕ್ಕೇ ಈ ಯೋಜನೆ: ಅರ್ಧ ದಿನದ ಕಾರ್ಯಾಗಾರ ಮುಗಿಸಿದ ಶಿಕ್ಷಕರಿಗೆ ಮಾತ್ರ ಪತ್ತೆ ಟೂಲಿನ ಲಾಗಿನ್.

ಮೊದಲ ಅರ್ಧ ಗಂಟೆ ಕಂಪ್ಯೂಟರೇ ಬೇಡ. ಬೋರ್ಡಿನ ಮೇಲೆ ‘ಮಳೆ ಬರೋ ಹಾಗಿದೆ, ... ತಗೊಂಡು ಹೋಗು’ ಅಂತ ಬರೆದು, ಬಿಟ್ಟ ಜಾಗ ತುಂಬಿಸಲು ಹೇಳಬೇಕು. ಹೆಚ್ಚಿನವರು ಕೊಡೆ ಅಥವಾ ಛತ್ರಿ ಅಂತಲೇ ಬರೆಯುತ್ತಾರೆ. ಆಮೇಲೆ ‘ಅಜ್ಜಿ ಅಟ್ಟದಿಂದ ... ಇಳಿಸಿದಳು’. ಈಗ ಒಬ್ಬೊಬ್ಬರದು ಒಂದೊಂದು ಉತ್ತರ. ಯಂತ್ರ ಬರೆಯುವುದೂ ಹೀಗೇ: ಹಿಂದಿನ ಪದಗಳನ್ನು ನೋಡಿ ಮುಂದೆ ಯಾವುದು ಬರಬಹುದು ಅಂತ ಲೆಕ್ಕ ಹಾಕಿ ಒಂದನ್ನು ಆರಿಸುತ್ತದೆ. ಅನೇಕ ಪತ್ತೆ ಟೂಲ್‌ಗಳು ಅಳೆಯುವುದೂ ಇದನ್ನೇ, ಅಂದರೆ ಪದಗಳು ಎಷ್ಟು ಸುಲಭವಾಗಿ ಊಹಿಸುವಂತಿವೆ ಅನ್ನುವುದನ್ನು. ಯಾರು ಬರೆದರು ಅನ್ನುವುದು ಅವಕ್ಕೆ ಕಾಣುವುದಿಲ್ಲ.

ಇಲ್ಲೇ ತೊಂದರೆ ಶುರು. ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಪದಗಳನ್ನೇ, ಅಭ್ಯಾಸವಾದ ವಾಕ್ಯಗಳನ್ನೇ ಬಳಸುತ್ತಾರೆ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳನ್ನು ಏಳು ಟೂಲ್‌ಗಳಿಗೆ ಕೊಟ್ಟರು. ಎಲ್ಲವೂ ಮನುಷ್ಯರೇ ಬರೆದವು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು ‘ಎಐ’ ಎನಿಸಿಕೊಂಡವು. ಕನ್ನಡ ಮೀಡಿಯಂನಿಂದ ಬಂದು ಗೈಡ್‌ನಲ್ಲಿರುವಂಥ ಇಂಗ್ಲಿಷ್‌ನಲ್ಲಿ ಬರೆಯುವ ನಮ್ಮ ಹುಡುಗಿಯನ್ನು ಇಲ್ಲಿ ನೆನಪಿಸಿಕೊಳ್ಳಿ.

ಎರಡನೇ ಅವಧಿಯಲ್ಲಿ ಶಿಕ್ಷಕರಿಗೇ ಪರೀಕ್ಷೆ. ಹೆಸರು ಅಳಿಸಿದ ಹತ್ತು ಹಾಳೆಗಳು: ನಾಲ್ಕು ಹಳೇ ವಿದ್ಯಾರ್ಥಿಗಳದು, ಮೂರು ಯಂತ್ರದ್ದು, ಮೂರು ಯಂತ್ರ ಬರೆದು ಮನುಷ್ಯ ತಿದ್ದಿದ್ದು. ಎಲ್ಲವನ್ನೂ ಒಂದೇ ಥರ ಟೈಪ್ ಮಾಡಿಸಬೇಕು. ವಿದ್ಯಾರ್ಥಿಗಳ ಹಾಳೆಗಳು 2022ರ ನವೆಂಬರ್‌ಗಿಂತ ಹಿಂದಿನವಾಗಿರಲಿ, ಚಾಟ್‌ಜಿಪಿಟಿ ಬಂದದ್ದು ಆ ತಿಂಗಳ ಕೊನೆಗೆ. ಪ್ರತಿಯೊಬ್ಬರೂ ಯಾರ ಜೊತೆಗೂ ಮಾತಾಡದೆ ಯಾವುದು ಯಾರದ್ದು, ಎಷ್ಟು ಖಾತ್ರಿ ಅಂತ ಬರೆದಿಡಬೇಕು. ‘ತುಂಬಾ ಖಾತ್ರಿ’ ಅಂದ ಕಡೆಯೇ ತಪ್ಪಾಗಿದ್ದರೆ, ಅದೇ ಆ ದಿನದ ದೊಡ್ಡ ಪಾಠ.

ಮೂರನೆಯದು ಲೆಕ್ಕ. ಓಪನ್‌ಎಐ 2023ರ ಜನವರಿಯಲ್ಲಿ ತನ್ನದೇ ಪತ್ತೆ ಟೂಲ್ ಬಿಟ್ಟಿತ್ತು. ಕಂಪನಿಯೇ ಹೇಳಿದಂತೆ ಅದು ಯಂತ್ರದ ಬರಹದಲ್ಲಿ ಹಿಡಿಯುತ್ತಿದ್ದುದು ಶೇ. 26, ಮನುಷ್ಯರ ಬರಹವನ್ನು ತಪ್ಪಾಗಿ ಯಂತ್ರದ್ದು ಅನ್ನುತ್ತಿದ್ದುದು ಶೇ. 9. ನಿಖರತೆ ಕಡಿಮೆ ಅಂತ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಈಗ ನೂರು ಅಸೈನ್‌ಮೆಂಟ್ ಬಂದಿವೆ, 20 ಯಂತ್ರದ್ದು ಅಂತ ಇಟ್ಟುಕೊಳ್ಳಿ. ಆ 20ರಲ್ಲಿ ಸಿಕ್ಕಿಬೀಳುವುದು ಸುಮಾರು 5. ಉಳಿದ 80 ಮಕ್ಕಳಲ್ಲಿ ಸುಮ್ಮನೆ ಸಿಕ್ಕಿಹಾಕಿಕೊಳ್ಳುವವರು ಸುಮಾರು 7. ಟೂಲ್ ಬೆರಳು ತೋರಿಸಿದ 12 ಮಂದಿಯಲ್ಲಿ 7 ಜನ ನಿರಪರಾಧಿಗಳು!

‘ಈಗಿನ ಟೂಲ್‌ಗಳು ಅಷ್ಟು ಕೆಟ್ಟದಾಗಿಲ್ಲ’ ಅನ್ನಬಹುದು. ಸರಿ, ತಪ್ಪು ಶೇ. 1 ಮಾತ್ರ ಅನ್ನೋಣ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಇದೇ ಲೆಕ್ಕ ಹಾಕಿತು: 2022ರಲ್ಲಿ ಬಂದ 75,000 ಪತ್ರಿಕೆಗಳಲ್ಲಿ ಸುಮಾರು 750ಕ್ಕೆ ಸುಳ್ಳು ಆರೋಪ ಬರುತ್ತಿತ್ತು. 2023ರ ಆಗಸ್ಟ್‌ನಲ್ಲಿ ಅದು ಟರ್ನಿಟಿನ್‌ನ ಎಐ ಪತ್ತೆ ಸೌಲಭ್ಯವನ್ನೇ ಆಫ್ ಮಾಡಿತು.

ಕೊನೆಯ ಅವಧಿ ವಿದ್ಯಾರ್ಥಿಯ ಜೊತೆ ಮಾತಾಡುವುದು ಹೇಗೆ ಅನ್ನುವುದಕ್ಕೆ. ಇಬ್ಬರು ಶಿಕ್ಷಕರು ಮೇಷ್ಟ್ರು–ಹುಡುಗ ಆಗಿ ಅಭಿನಯಿಸಬೇಕು. ‘ನೀನೇ ಬರೆದಿದ್ದಾ?’ ಅನ್ನುವುದು ನಿಷಿದ್ಧ. ‘ಈ ಎರಡನೇ ಪ್ಯಾರಾದ ವಾದ ನಿಂಗೆ ಹೇಗೆ ಹೊಳೀತು, ಹೇಳಪ್ಪ’ ಅಂತ ಶುರುಮಾಡಬೇಕು. ಹಳೇ ಕರಡು, ಗೂಗಲ್ ಡಾಕ್ಸ್‌ನ ತಿದ್ದುಪಡಿಗಳ ಇತಿಹಾಸ, ಅದೇ ವಿಷಯದ ಮೇಲೆ ಎದುರಿಗೇ ಬರೆಸಿದ ಹತ್ತು ಸಾಲು, ಇವೆಲ್ಲ ಟೂಲಿನ ಅಂಕಿಗಿಂತ ಹೆಚ್ಚು ಹೇಳುತ್ತವೆ. ಇವೂ ಪೂರ್ತಿ ಸಾಕ್ಷಿ ಅಲ್ಲ, ಯಾಕಂದ್ರೆ ಎಐ ಉತ್ತರವನ್ನು ನೋಡಿ ನಿಧಾನವಾಗಿ ಟೈಪ್ ಮಾಡುವವರೂ ಇರುತ್ತಾರೆ.

ಲಾಗಿನ್ ಸಿಗುವ ಮೊದಲು ಒಂದೇ ಪ್ರಶ್ನೆಗೆ ಉತ್ತರ ಬರೆಯಬೇಕು: ‘87 ಪರ್ಸೆಂಟ್ ಅಂತ ಬಂತು, ಮುಂದೆ ಏನು ಮಾಡ್ತೀರಿ?’ ‘ಅಂಕ ಕಡಿತ’ ಅಂತ ಬರೆದವರು ಮತ್ತೊಮ್ಮೆ ಕೂರಬೇಕು. ‘ಹುಡುಗನನ್ನು ಕರೆದು ಕೇಳ್ತೀನಿ’ ಅಂದವರಿಗೆ ಪಾಸ್‌ವರ್ಡ್.